ಆಫರ್ ಮೇಲ್‌ನಲ್ಲಿ ಏನಿರಬೇಕು, ನೇಮಕಾತಿ ಪತ್ರಕ್ಕೆ ಏನು ಬಿಡಬೇಕು?

ಕೆಲಸಕ್ಕೆ ಸೇರುವ ದಿನ ನೇಮಕಾತಿ ಪತ್ರ ಕೈಗೆ ಬರುತ್ತದೆ. ಮೂರನೇ ಪುಟದಲ್ಲಿ ‘ನೋಟಿಸ್ ಅವಧಿ 90 ದಿನ’ ಎಂದಿರುತ್ತದೆ. ಆಫರ್ ಮೇಲ್‌ನಲ್ಲಿ ಅದರ ಸುದ್ದಿಯೇ ಇರಲಿಲ್ಲ. ಹಳೇ ಕೆಲಸ ಬಿಟ್ಟಾಗಿದೆ, ಪಿಜಿಗೆ ಅಡ್ವಾನ್ಸ್ ಕೊಟ್ಟಾಗಿದೆ. ಸಹಿ ಹಾಕದೆ ಇನ್ನೇನು ಮಾಡುತ್ತಾರೆ? ಸಣ್ಣ ಕಂಪನಿಗಳ ಎಚ್‌ಆರ್ ಕೆಲಸದಲ್ಲಿ ಆ ಹೊತ್ತಿನ ಮುಖಗಳನ್ನು ನಾನು ಹಲವು ಸಲ ನೋಡಿದ್ದೇನೆ. ನಿಮ್ಮ ಕಂಪನಿಯಲ್ಲಿ ಹಾಗಾಗಬಾರದು ಎಂದಿದ್ದರೆ ಮೇಲ್ ಬರೆಯುವಾಗಲೇ ಎಚ್ಚರ ಬೇಕು.

1. ಮೊದಲು ಒಂದು ಪ್ರಶ್ನೆ ಹಾಕಿಕೊಳ್ಳಿ

‘ಈ ಷರತ್ತು ಮೊದಲೇ ಗೊತ್ತಿದ್ದರೆ ಇವರು ಬೇಡ ಅನ್ನುತ್ತಿದ್ದರಾ?’ ಹೌದು ಎನಿಸಿದರೆ ಅದು ಆಫರ್ ಮೇಲ್‌ನಲ್ಲೇ ಇರಬೇಕು. ಹುದ್ದೆ, ಊರು, ಸೇರುವ ದಿನಾಂಕ, ಸಂಬಳ ಹೇಗೂ ಬರೆಯುತ್ತೀರಿ. ಜನ ಬಿಟ್ಟುಬಿಡುವುದು ಬೇರೆಯವನ್ನು: ಪ್ರೊಬೇಷನ್ ಎಷ್ಟು ತಿಂಗಳು, ನೋಟಿಸ್ ಎಷ್ಟು ದಿನ, ರಾತ್ರಿ ಪಾಳಿ ಇದೆಯಾ, ತರಬೇತಿ ಬಾಂಡ್ ಇದೆಯಾ. ಬಾಂಡ್ ಇದ್ದರೆ ಎಷ್ಟು ವರ್ಷ, ಮಧ್ಯೆ ಬಿಟ್ಟರೆ ಎಷ್ಟು ಕೊಡಬೇಕು ಅನ್ನುವುದೂ ಮೇಲ್‌ನಲ್ಲೇ ಬರಲಿ.

2. ಸಂಬಳವನ್ನು ಬಿಡಿಸಿ ಬರೆಯಿರಿ

‘ಸಿಟಿಸಿ ವರ್ಷಕ್ಕೆ 6 ಲಕ್ಷ’ ಅಂತ ಒಂದೇ ಸಾಲು ಬರೆದರೆ ಓದುವವರು ತಿಂಗಳಿಗೆ 50,000 ಅಂದುಕೊಳ್ಳುತ್ತಾರೆ. ಆದರೆ ಸಿಟಿಸಿ ಅಂದರೆ ಆ ಉದ್ಯೋಗಿಗಾಗಿ ಕಂಪನಿ ಮಾಡುವ ಒಟ್ಟು ಖರ್ಚು. ಒಂದು ಲೆಕ್ಕ ನೋಡಿ. ಇದರಲ್ಲಿ 60,000 ವೇರಿಯಬಲ್, ಅಂದರೆ ಕೆಲಸ ನೋಡಿ ಕೊಡುವುದು. ಉಳಿದದ್ದು 5,40,000. ತಿಂಗಳ ಬೇಸಿಕ್ 25,000 ಇದ್ದು, ಕಂಪನಿ 15,000ದ ಮಿತಿಗೆ ಪಿಎಫ್ ಕಟ್ಟಿದರೆ ಅದರ ಪಾಲು ತಿಂಗಳಿಗೆ 1,800, ವರ್ಷಕ್ಕೆ 21,600. ಗ್ರಾಚ್ಯುಟಿಗೆ ಬೇಸಿಕ್‌ನ ಶೇ 4.81ರಂತೆ ವರ್ಷಕ್ಕೆ 14,430 ತೆಗೆದಿಡುತ್ತಾರೆ. ಇವೆರಡನ್ನೂ ಕಳೆದು ತಿಂಗಳಿಗೆ ಹಂಚಿದರೆ ಸುಮಾರು 42,000. ಅದರಲ್ಲಿ ಉದ್ಯೋಗಿಯ ಪಿಎಫ್ 1,800, ವೃತ್ತಿ ತೆರಿಗೆ 200 ಹೋದರೆ ಕೈಗೆ ಬರುವುದು 40,000ದ ಹತ್ತಿರ.

50,000 ಅಂದುಕೊಂಡು ಮನೆ ಬಾಡಿಗೆ ಗೊತ್ತುಮಾಡಿದವರಿಗೆ ಈ 10,000 ಸಣ್ಣ ಮೊತ್ತವಲ್ಲ. ಅದಕ್ಕೇ ಈ ಲೆಕ್ಕದ ಪಟ್ಟಿಯನ್ನು ಮೇಲ್‌ಗೆ ಅಂಟಿಸಿ. ‘ಕೈಗೆ ಬರುವುದು ಅಂದಾಜು ಇಷ್ಟು’ ಎಂದು ಕೊನೆಯಲ್ಲಿ ಒಂದು ಸಾಲು ಸೇರಿಸಿ. ವೇರಿಯಬಲ್ ಹಣಕ್ಕೆ ‘ಖಂಡಿತ’ ಅನ್ನುವ ಪದ ಬಳಸಬೇಡಿ. ಯಾವಾಗ ಕೊಡುತ್ತೀರಿ, ಯಾವುದನ್ನು ನೋಡಿ ಕೊಡುತ್ತೀರಿ ಅಂತ ಬರೆಯಿರಿ.

3. ‘ಒಪ್ಪಿದ್ದೇನೆ’ ಅನ್ನುವ ಮೊದಲೇ ಷರತ್ತು ಹೇಳಿ

ಮೇಲ್ ತಾನೇ ಅಂತ ಹಗುರವಾಗಿ ತೆಗೆದುಕೊಳ್ಳಬೇಡಿ. 1872ರ ಭಾರತೀಯ ಕರಾರು ಕಾಯ್ದೆಯ ಪ್ರಕಾರ ಆಫರ್‌ಗೆ ಒಪ್ಪಿಗೆ ಸಿಕ್ಕರೆ ಕರಾರು ಹುಟ್ಟುತ್ತದೆ. ಆಮೇಲೆ ಹೊಸ ಷರತ್ತು ತಂದರೆ ಜಗಳಕ್ಕೆ ದಾರಿ. ಹಿನ್ನೆಲೆ ಪರಿಶೀಲನೆ, ಹಳೇ ಕಂಪನಿಯ ರಿಲೀವಿಂಗ್ ಲೆಟರ್, ಅಂಕಪಟ್ಟಿ, ಇವುಗಳ ಮೇಲೆ ಆಫರ್ ನಿಂತಿದೆ ಎಂದು ಮೇಲ್‌ನಲ್ಲೇ ಹೇಳಿ. ಒಪ್ಪಿಗೆ ತಿಳಿಸಲು ಕೊನೆಯ ದಿನಾಂಕವನ್ನೂ ಕೊಡಿ.

ಇಲ್ಲಿ ಒಂದು ಮಾತು. ಅಂಕಪಟ್ಟಿ, ವಿಳಾಸದ ಪರಿಶೀಲನೆಯನ್ನು ಅವರು ರಾಜೀನಾಮೆ ಕೊಡುವ ಮೊದಲೇ ಮುಗಿಸಬಹುದು. ಮುಗಿಸಿಬಿಡಿ. ರಾಜೀನಾಮೆ ಕೊಟ್ಟ ಮೇಲೆ ‘ಪರಿಶೀಲನೆಯಲ್ಲಿ ಹೊಂದಲಿಲ್ಲ’ ಅಂದರೆ ಅವರು ಎರಡೂ ಕಡೆ ಕೆಲಸ ಕಳೆದುಕೊಳ್ಳುತ್ತಾರೆ.

4. ಉಳಿದದ್ದು ನೇಮಕಾತಿ ಪತ್ರಕ್ಕೆ

ರಜೆಯ ನಿಯಮ, ಶಿಸ್ತು ಕ್ರಮ, ಗೋಪ್ಯತೆ, ಮಾಡಿದ ಕೆಲಸದ ಹಕ್ಕು ಯಾರದ್ದು, ನಿವೃತ್ತಿ ವಯಸ್ಸು, ಕೊಟ್ಟ ಲ್ಯಾಪ್‌ಟಾಪ್ ವಾಪಸು ಮಾಡುವುದು, ಇವೆಲ್ಲ ಪತ್ರದಲ್ಲಿರಲಿ. ಇವನ್ನು ಮೇಲ್‌ನಲ್ಲಿ ಅರ್ಧಂಬರ್ಧ ಬರೆದರೆ ತೊಂದರೆಯೇ ಜಾಸ್ತಿ. ಮೇಲ್‌ನಲ್ಲಿ ‘ವರ್ಷಕ್ಕೆ 24 ರಜೆ’, ಪತ್ರದಲ್ಲಿ ‘ಪ್ರೊಬೇಷನ್‌ನಲ್ಲಿ ರಜೆ ಇಲ್ಲ’ ಅಂತಿದ್ದರೆ ಯಾವುದನ್ನು ನಂಬಬೇಕು? ‘ಕೆಲಸ ಬಿಟ್ಟ ಮೇಲೆ ಎರಡು ವರ್ಷ ಎದುರಾಳಿ ಕಂಪನಿ ಸೇರುವಂತಿಲ್ಲ’ ಅನ್ನುವ ಸಾಲು ಎರಡರಲ್ಲೂ ಬೇಡ. ಅದೇ ಕರಾರು ಕಾಯ್ದೆಯ 27ನೇ ಸೆಕ್ಷನ್ ಮುಂದೆ ಅದು ನಿಲ್ಲುವುದಿಲ್ಲ.

ಮೇಲ್ ಕಳಿಸಿದ್ದೇವಲ್ಲ, ಪತ್ರ ಯಾಕೆ ಅಂತ ಕೇಳುವ ಮಾಲೀಕರೂ ಇದ್ದಾರೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿ ನೇಮಕಾತಿ ಪತ್ರ ಕೊಡುವುದು ಕಡ್ಡಾಯ.

5. ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ

ಪತ್ರ ಸಿದ್ಧವಾದಾಗ ಮೇಲ್ ತೆರೆದಿಟ್ಟುಕೊಳ್ಳಿ. ಹುದ್ದೆ, ಮೊತ್ತ, ದಿನಾಂಕ, ನೋಟಿಸ್ ಅವಧಿ ಒಂದೊಂದಾಗಿ ತಾಳೆ ನೋಡಿ. ಹಳೇ ಪತ್ರದ ನಕಲು ತೆಗೆದು ಹೆಸರು ಮಾತ್ರ ಬದಲಿಸುವ ಕಡೆ, ಮೇಲ್‌ನಲ್ಲಿ 30 ದಿನ ಇದ್ದದ್ದು ಪತ್ರದಲ್ಲಿ 90 ಆಗುವುದು ಹೀಗೇ. ಪತ್ರದಲ್ಲಿ ‘ಹಿಂದಿನ ಮೇಲ್‌ಗಳ ಬದಲು ಈ ಪತ್ರವೇ ಅನ್ವಯ’ ಎಂದು ಬರೆಯುವ ರೂಢಿ ಇದೆ. ಬರೆಯಿರಿ. ಆದರೆ ಆ ಸಾಲಿನ ಮರೆಯಲ್ಲಿ ಮೇಲ್‌ನ ಮಾತು ಬದಲಿಸಬೇಡಿ. ಪತ್ರದ ಕರಡನ್ನು ಸೇರುವ ದಿನಕ್ಕೆ ಒಂದು ವಾರ ಮೊದಲೇ ಕಳಿಸಿ. ಅವರು ಮನೆಯಲ್ಲಿ ಕೂತು, ಅಪ್ಪನಿಗೋ ಅಕ್ಕನಿಗೋ ತೋರಿಸಿ ಓದಲಿ. ಪ್ರಶ್ನೆ ಬಂದರೆ ಉತ್ತರ ಕೊಡಲು ನಿಮಗೂ ಸಮಯ ಇರುತ್ತದೆ.