ಹಳೇ ವಿದ್ಯಾರ್ಥಿಗಳೇ ಒಳಗಿನವರು: ಹಾಸನದಿಂದ ಡೇಟಾ ಅನಲಿಟಿಕ್ಸ್‌ಗೆ ದಾರಿ ಕೇಳಿದ್ದು

ಹೈಸ್ಕೂಲು ಮೇಷ್ಟ್ರಿಗೆ ಐಟಿ ಕಡೆ ಪರಿಚಯವಿಲ್ಲ ಅನ್ನುವುದು ಅರ್ಧ ಸತ್ಯ. ಹತ್ತು ವರ್ಷದ ಹಿಂದೆ ನಮ್ಮ ಕೈಯಲ್ಲಿ ಎಸ್‌ಎಸ್‌ಎಲ್‌ಸಿ ಮುಗಿಸಿದ ಮಕ್ಕಳಿಗೆ ಈಗ ಇಪ್ಪತ್ತೈದು, ಇಪ್ಪತ್ತಾರು ವಯಸ್ಸು. ಅವರಲ್ಲಿ ಕೆಲವರಾದರೂ ಬೆಂಗಳೂರಿನಲ್ಲಿ ಎಕ್ಸೆಲ್, ಎಸ್‌ಕ್ಯೂಎಲ್ ಹಿಡಿದು ಕೂತಿರುತ್ತಾರೆ. ಪಾಠದಿಂದ ಡೇಟಾ ಅನಲಿಟಿಕ್ಸ್ ಕೆಲಸಕ್ಕೆ ಹೋಗುವ ದಾರಿ ಕೇಳಲು ನಾನು ಶುರು ಮಾಡಿದ್ದು ಹಳೇ ಬ್ಯಾಚುಗಳ ವಾಟ್ಸಾಪ್ ಗುಂಪುಗಳಿಂದ.

ಗುಂಪಿನಲ್ಲಿ "ಯಾರಾದರೂ ಡೇಟಾ ಸೈಂಟಿಸ್ಟ್ ಇದ್ದೀರಾ?" ಅಂತ ಕೇಳಿದರೆ ಮೌನ. ಈ ಕೆಲಸ ಮಾಡುವ ಬಹಳ ಜನರ ಹುದ್ದೆಯ ಹೆಸರು ಅದಲ್ಲ. ಎಂಐಎಸ್ ಎಕ್ಸಿಕ್ಯುಟಿವ್, ರಿಪೋರ್ಟಿಂಗ್ ಅನಲಿಸ್ಟ್, ಬಿಸಿನೆಸ್ ಅನಲಿಸ್ಟ್ ಅಂತಿರುತ್ತದೆ. "ಆಫೀಸಿನಲ್ಲಿ ವಾರಕ್ಕೊಮ್ಮೆ ರಿಪೋರ್ಟ್ ಮಾಡಿ ಮ್ಯಾನೇಜರಿಗೆ ಕಳಿಸುವವರು ಯಾರು?" ಅಂತ ಕೇಳಿದರೆ ಕೈ ಎತ್ತುತ್ತಾರೆ. ಲಿಂಕ್ಡ್‌ಇನ್‌ನಲ್ಲೂ ಇದೇ ಹೆಸರುಗಳಲ್ಲಿ ಹುಡುಕಬೇಕು. ನಮ್ಮೂರಿನ ಮಲೆನಾಡು ಎಂಜಿನಿಯರಿಂಗ್ ಕಾಲೇಜಿನ ಪುಟದಲ್ಲಿ `Alumni` ಒತ್ತಿ ಇವನ್ನು ಟೈಪ್ ಮಾಡಿದರೆ, ನಮ್ಮ ಶಾಲೆಯಿಂದ ಅಲ್ಲಿಗೆ ಹೋದವರೂ ಸಿಗುತ್ತಾರೆ. ಆ ಕಾಲೇಜಿನಲ್ಲಿ ನಾವು ಓದಿರಬೇಕೆಂದಿಲ್ಲ.

ಮೊದಲ ಸಂದೇಶದಲ್ಲಿ ಕೆಲಸ ಕೇಳಬಾರದು. "ನಮ್ಮಲ್ಲಿ ಖಾಲಿ ಇಲ್ಲ ಸರ್" ಅಂತ ಹೇಳಬೇಕಾಗುತ್ತದೆ ಎಂಬ ಸಂಕೋಚಕ್ಕೇ ಉತ್ತರ ಬರುವುದಿಲ್ಲ. ನಾನು ಕಳಿಸುತ್ತಿದ್ದದ್ದು ಇಷ್ಟು: "ಹೇಗಿದ್ದೀಯಪ್ಪಾ? ಡೇಟಾ ಅನಲಿಟಿಕ್ಸ್ ಕಲೀತಿದ್ದೀನಿ. ಕೆಲಸ ಕೇಳೋಕೆ ಬರೀತಿಲ್ಲ. ಹೋದ ವಾರ ನಿನ್ನ ಆಫೀಸಲ್ಲಿ ಯಾವ ಕೆಲಸಕ್ಕೆ ಎಷ್ಟು ಹೊತ್ತು ಹೋಯ್ತು ಅಂತ ತಿಳ್ಕೋಬೇಕಿತ್ತು. ಬುಧವಾರ ರಾತ್ರಿ 9ಕ್ಕೆ 20 ನಿಮಿಷ ಸಿಗ್ತೀಯಾ?" "ಅನಲಿಟಿಕ್ಸ್ ಹೇಗಿದೆ?" ಅಂದರೆ "ಸ್ಕೋಪ್ ಇದೆ ಸರ್" ಅಂತಾರೆ. ಹೋದ ವಾರದ ಲೆಕ್ಕ ಕೇಳಿದರೆ, ಡ್ಯಾಶ್‌ಬೋರ್ಡ್ ಮಾಡಿದ್ದಕ್ಕಿಂತ ಬೇರೆ ಬೇರೆ ಫೈಲುಗಳು ಒಂದಕ್ಕೊಂದು ಹೊಂದದೆ ಕೂತ ಹೊತ್ತೇ ಹೆಚ್ಚು ಅನ್ನುವುದು ಹೊರಬರುತ್ತದೆ. ಮುಂದೆ ಏನು ಕಲಿಯಬೇಕು ಅನ್ನುವುದು ಅಲ್ಲೇ ಗೊತ್ತಾಗುತ್ತದೆ.

ಮೇಷ್ಟ್ರಾಗಿರುವುದೇ ತೊಡಕಾಗುವುದು ಆಮೇಲೆ. ಹಳೇ ವಿದ್ಯಾರ್ಥಿ ಎಂದೂ ನಮ್ಮ ತಪ್ಪು ತೋರಿಸುವುದಿಲ್ಲ. ಕಿರುಪರೀಕ್ಷೆಯ ಅಂಕಪಟ್ಟಿಯಿಂದ ಮಕ್ಕಳ ಹೆಸರು, ನೋಂದಣಿ ಸಂಖ್ಯೆ, ಜಾತಿಯ ಕಾಲಂ ತೆಗೆದುಹಾಕಿ ಒಂದು ಪುಟದ ವಿಶ್ಲೇಷಣೆಯನ್ನು ಒಬ್ಬ ಹಳೇ ವಿದ್ಯಾರ್ಥಿಗೆ ಕಳಿಸಿದ್ದೆ. ಬಂದ ಉತ್ತರ "ಸೂಪರ್ ಸರ್". ಇದು ಮರ್ಯಾದೆ, ಅಭಿಪ್ರಾಯವಲ್ಲ. ಪ್ರಶ್ನೆ ಬದಲಿಸಿದೆ: "ಇದನ್ನ ನಿನ್ನ ಮ್ಯಾನೇಜರ್ ನೋಡಿದ್ರೆ ಮೊದಲು ಏನು ಕೇಳ್ತಾರೆ?" ಈಗ ತಪ್ಪು ಹೇಳುವವನು ಅವನಲ್ಲ, ಮ್ಯಾನೇಜರ್. ತಕ್ಷಣ ಉತ್ತರ ಬಂತು: "ಗೈರುಹಾಜರಾದವರನ್ನ ಸೊನ್ನೆ ಅಂತ ಲೆಕ್ಕ ಹಾಕಿದೀರಾ ಅಂತ ಕೇಳ್ತಾರೆ ಸರ್."

ಹಾಗೇ ಆಗಿತ್ತು. 40 ಮಕ್ಕಳಲ್ಲಿ ಇಬ್ಬರು ಪರೀಕ್ಷೆಗೆ ಬಂದಿರಲಿಲ್ಲ, ಒಟ್ಟು ಅಂಕ 1,900.

```
=AVERAGE(C2:C41)
```

ಗೈರಾದವರ ಮುಂದೆ `AB` ಅಂತಲೇ ಇದ್ದರೆ ಎಕ್ಸೆಲ್ ಅದನ್ನು ಬಿಟ್ಟು 38ರಿಂದ ಭಾಗಿಸುತ್ತದೆ, ಸರಾಸರಿ 50. ಕಾಲಂ ಚೊಕ್ಕ ಮಾಡುವ ಭರದಲ್ಲಿ `AB` ತೆಗೆದು 0 ಹಾಕಿದರೆ ಭಾಗಾಕಾರ 40ರಿಂದ, ಸರಾಸರಿ 47.5. ಪಕ್ಕದ ಸೆಕ್ಷನ್ನಿಗಿಂತ ನಮ್ಮದು ಹಿಂದಿದೆ ಅನ್ನುವ ತೀರ್ಮಾನ ನಿಂತಿದ್ದೇ ಈ ಎರಡೂವರೆ ಅಂಕದ ಮೇಲೆ. ತಿದ್ದಿದ ಪುಟವನ್ನು ಎರಡೇ ದಿನದಲ್ಲಿ ಅವನಿಗೆ ವಾಪಸ್ ಕಳಿಸಿದೆ. ಹೇಳಿದ್ದನ್ನು ಮಾಡಿದ್ದಾರೆ ಅಂತ ಕಂಡ ಮೇಲೆ, "ಇದನ್ನ ನಿನಗಿಂತ ಹಳಬರು ಯಾರಾದ್ರೂ ನೋಡಬಹುದಾ?" ಎಂದು ಕೇಳಿದರೆ ಹೆಸರು ಸಿಗುತ್ತದೆ. ಆ ಎರಡನೇ ವ್ಯಕ್ತಿಗೆ ನಾವು ಮೇಷ್ಟ್ರಲ್ಲ, ಹಾಗಾಗಿ ನಿಜ ಹೇಳುತ್ತಾರೆ. ನನ್ನ ಮಟ್ಟಿಗೆ ನಿಜವಾದ ಒಳಗಿನವರು ಇವರೇ.

ಬೆಂಗಳೂರಿನ ಮೀಟಪ್‌ಗಳ ಮಾತು ಸ್ವಲ್ಪ. ಪೈಥಾನ್ ಬಳಸುವವರ ಬ್ಯಾಂಗ್‌ಪೈಪರ್ಸ್, ಸಾರ್ವಜನಿಕ ದತ್ತಾಂಶದಲ್ಲಿ ಆಸಕ್ತಿ ಇರುವವರ ಡೇಟಾಮೀಟ್ ಇವೆರಡೂ ಹೊಸಬರು ಹೋಗಬಹುದಾದ ಗುಂಪುಗಳು. ಆದರೆ ಇಂಥ ಸಭೆಗಳು ಹೆಚ್ಚಾಗಿ ಶನಿವಾರ ಬೆಳಿಗ್ಗೆ, ನಮಗೆ ಶನಿವಾರ ಬೆಳಿಗ್ಗೆ ಶಾಲೆ. ಹಾಸನದಿಂದ ಯಶವಂತಪುರಕ್ಕೆ ರೈಲಿನಲ್ಲಿ ಸುಮಾರು ಮೂರು ಗಂಟೆ. ಅಲ್ಲಿಂದ ಬೆಳ್ಳಂದೂರೋ ವೈಟ್‌ಫೀಲ್ಡೋ ಆದರೆ ಇನ್ನಷ್ಟು. ಒಂದು ರಜೆ ಖರ್ಚು ಮಾಡಿ ಹೋಗುವುದಾದರೆ, ಫೋನಿನಲ್ಲಿ ಈಗಾಗಲೇ ಮಾತಾಡಿದ ಒಬ್ಬರಾದರೂ ಬರುತ್ತಾರೆ ಅನ್ನುವ ದಿನ ನೋಡಿ ಹೋಗಬೇಕು. ಇಲ್ಲದಿದ್ದರೆ ಮೂಲೆಯಲ್ಲಿ ಕಾಫಿ ಕುಡಿದು ವಾಪಸ್ ಬರುವುದಾಗುತ್ತದೆ.

ಕಂಪನಿಯ ಒಳಗಿನವರೇ ನಮ್ಮ ಹೆಸರು ಸೂಚಿಸುವ ರೆಫರಲ್ ಕೇಳುವುದು ಕೊನೆಗೆ. ಆಗಲೂ "ಏನಾದ್ರೂ ಇದ್ರೆ ಹೇಳಪ್ಪಾ" ಅನ್ನಬಾರದು. ಕಂಪನಿಯ ಪುಟದಲ್ಲಿರುವ ಜಾಬ್ ಐಡಿ, ಪಿಡಿಎಫ್ ರೆಸ್ಯೂಮೆ, ಆ ಕೆಲಸಕ್ಕೆ ನಾವು ಯಾಕೆ ಹೊಂದುತ್ತೇವೆ ಅನ್ನುವ ಎರಡು ಸಾಲು ಒಟ್ಟಿಗೆ ಕಳಿಸಬೇಕು. ಅದಕ್ಕೂ ಮೊದಲು ಅವಸರದಲ್ಲಿ ನಾವೇ ಅರ್ಜಿ ಹಾಕಿಬಿಟ್ಟರೆ ಹಲವು ಕಂಪನಿಗಳಲ್ಲಿ ರೆಫರಲ್ ಲೆಕ್ಕಕ್ಕೆ ಬರುವುದಿಲ್ಲ. ಮೊದಲು ಅವರಿಗೆ ಕಳಿಸಿ, ಅವರು ಹಾಕಿದ್ದೀನಿ ಅಂದ ಮೇಲೆ ಬರುವ ಲಿಂಕಿನಿಂದಲೇ ಅರ್ಜಿ ತುಂಬಬೇಕು.