ಬಜ್ಜಿ ಎಣ್ಣೆಯನ್ನು ಸೋಸುವುದು ಹೇಗೆ, ಚೆಲ್ಲುವುದು ಯಾವಾಗ?

ಸಂಜೆ ನಾಲ್ಕರಿಂದ ಎಂಟರವರೆಗೆ ಬಜ್ಜಿ, ಬೋಂಡಾ ಕರಿಯುವ ಅಂಗಡಿಯ ಬಾಣಲೆಯಲ್ಲಿ ಐದು ಲೀಟರ್ ಎಣ್ಣೆ ಇದೆ ಎಂದುಕೊಳ್ಳೋಣ. ರಾತ್ರಿಗೆ ಅದರಲ್ಲಿ ಒಂದೂವರೆ ಲೀಟರ್ ಕರಿದ ತಿಂಡಿಗಳ ಜೊತೆ ಹೋಗಿರುತ್ತದೆ. ಉಳಿದ ಮೂರೂವರೆ ಲೀಟರನ್ನು ಏನು ಮಾಡಬೇಕು ಎನ್ನುವಲ್ಲೇ ಹೆಚ್ಚಿನವರು ತಪ್ಪುವುದು.

1. ಕರಿಯುವಾಗ: ಪ್ರತಿ ಒಬ್ಬೆ ತೆಗೆದ ಮೇಲೂ ತೇಲುವ ಹಿಟ್ಟಿನ ಕಾಳುಗಳನ್ನು ಸಣ್ಣ ಕಣ್ಣಿನ ಜಾಲರಿಯಿಂದ ಎತ್ತಿಬಿಡಿ. ಉಪ್ಪನ್ನು ಬಾಣಲೆಯ ಮೇಲೆ ಉದುರಿಸಬೇಡಿ. ಹಿಟ್ಟಿಗೆ ಅಡುಗೆ ಸೋಡಾ ಹೆಚ್ಚಾದರೆ ಅದು ಎಣ್ಣೆಯ ಆಮ್ಲದ ಜೊತೆ ಸೇರಿ ಸಾಬೂನಾಗುತ್ತದೆ. ಹೊಸ ಎಣ್ಣೆಯೂ ನೊರೆಯೇಳುವುದಕ್ಕೆ ಇದೂ ಒಂದು ಕಾರಣ.

2. ಸೋಸುವುದು: ಒಲೆ ಆರಿಸಿದ ಕೂಡಲೇ ಸೋಸಲು ಹೋಗಬೇಡಿ, ಕೈ ಸುಡುತ್ತದೆ. ಬೆಳಗಿನವರೆಗೂ ಬಿಡಲೂಬಾರದು. ಕಪ್ಪಾದ ಕಡ್ಲೆಹಿಟ್ಟು ರಾತ್ರಿಯಿಡೀ ಎಣ್ಣೆಯಲ್ಲಿ ನೆನೆದು ಕಹಿ ಬಿಡುತ್ತದೆ. ತಣ್ಣಗಾದ ಎಣ್ಣೆ ಮಂದವಾಗಿ ಬಟ್ಟೆಯಲ್ಲಿ ಇಳಿಯುವುದೂ ಇಲ್ಲ. ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವವರೆಗೆ ಬಾಣಲೆಯನ್ನು ಅಲುಗಾಡಿಸದೆ ಬಿಡಿ, ಅಷ್ಟರಲ್ಲಿ ಗಸಿ ತಳ ಸೇರುತ್ತದೆ. ಸ್ಟೀಲ್ ಜರಡಿಯ ಮೇಲೆ ಎರಡು ಮಡಿಕೆ ತೆಳು ಹತ್ತಿ ಬಟ್ಟೆ ಹಾಸಿ, ಮೇಲಿನ ಎಣ್ಣೆಯನ್ನು ಸೌಟಿನಿಂದ ಮೊಗೆದು ಹಾಕಿ. ತಳದ ಒಂದು ಲೋಟದಷ್ಟನ್ನು ಗಸಿಯ ಜೊತೆಗೇ ಬಿಟ್ಟುಬಿಡಿ. ಅದನ್ನೂ ಉಳಿಸುವ ಆಸೆಗೆ ಬಟ್ಟೆ ಹಿಂಡಿದರೆ ತಡೆದ ನುಣ್ಣನೆಯ ಪುಡಿಯೆಲ್ಲ ಕೆಳಗಿಳಿದು, ಮರುದಿನ ಬಜ್ಜಿಯ ಮೈಗೆ ಕಪ್ಪು ಚುಕ್ಕಿಯಾಗಿ ಅಂಟುತ್ತದೆ.

ಬಟ್ಟೆಯೂ ಪಾತ್ರೆಯೂ ಪೂರ್ತಿ ಒಣಗಿರಬೇಕು. ನೀರು ಸೇರಿದರೆ ಮರುದಿನ ಎಣ್ಣೆ ಸಿಡಿಯುತ್ತದೆ, ಅಷ್ಟೇ ಅಲ್ಲ, ಬಿಸಿಯಲ್ಲಿ ಅದೇ ನೀರು ಎಣ್ಣೆಯನ್ನು ಒಡೆದು ಆಮ್ಲ ಹೆಚ್ಚಿಸುತ್ತದೆ. ತೊಳೆದ ಬಾಣಲೆಯಲ್ಲಿ ಉಳಿದ ಸಾಬೂನಿನ ಪಸೆಯೂ ಹಾಗೇ ಕೆಡುಕು. ಸೋಸಿದ್ದನ್ನು ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಬೆಳಕು ಬೀಳದ ಕಡೆ ಇಡಿ. ತಾಮ್ರ, ಹಿತ್ತಾಳೆಯ ಪಾತ್ರೆ ಬೇಡವೇ ಬೇಡ, ಅವು ಎಣ್ಣೆ ಬೇಗ ಕಮಟಾಗುವಂತೆ ಮಾಡುತ್ತವೆ.

ಎಣ್ಣೆಯಲ್ಲಿ ಆಲೂಗಡ್ಡೆ ಹೋಳು ಕರಿದು 'ಶುದ್ಧ' ಮಾಡುವುದು ವಾಸನೆಯ ಮಟ್ಟಿಗೆ ಸರಿ, ಅದಕ್ಕಿಂತ ಹೆಚ್ಚೇನೂ ಇಲ್ಲ. ಎಣ್ಣೆ ತಿಳಿಮಾಡುವ ಪುಡಿಗಳನ್ನಂತೂ ಕೊಳ್ಳಬೇಡಿ. ಅವು ಬಣ್ಣ ಇಳಿಸಿ ಹಳೆ ಎಣ್ಣೆಗೆ ಹೊಸದರ ವೇಷ ಹಾಕುತ್ತವೆ. ಸೋಸುವುದರಿಂದ ಹೋಗುವುದು ಕಾಳು ಮಾತ್ರ. ಕಾಯ್ದು ಕಾಯ್ದು ಎಣ್ಣೆಯೊಳಗೇ ಕರಗಿ ಕೂತ ಕೆಟ್ಟ ಅಂಶ ಯಾವ ಬಟ್ಟೆಗೂ ಸಿಗದು.

3. ಪರೀಕ್ಷೆ: ಆ ಅಂಶದ ಹೆಸರು ಪೋಲಾರ್ ಸಂಯುಕ್ತ. ಅದು ಶೇ 25 ದಾಟಿದ ಎಣ್ಣೆಯನ್ನು ಬಳಸಬಾರದು ಎಂಬ ಎಫ್‌ಎಸ್‌ಎಸ್‌ಎಐ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಅಳೆಯುವ ಮೀಟರ್ ಇದ್ದರೆ ತಿಂಡಿ ತೆಗೆದು ಗುಳ್ಳೆ ಪೂರ್ತಿ ನಿಂತ ಮೇಲೆ, ಬಿಸಿ ಎಣ್ಣೆಯಲ್ಲಿ ಅದ್ದಿ ನೋಡಿ. ನೀರಿನಂಶ ಉಳಿದಿದ್ದರೆ ಲೆಕ್ಕ ಸುಳ್ಳೇ ಹೆಚ್ಚು ತೋರಿಸುತ್ತದೆ.

ಮೀಟರ್ ಇಲ್ಲದವರು ಬಣ್ಣ ನೋಡಿ ತೀರ್ಮಾನಿಸುತ್ತಾರೆ, ಅದು ಮೋಸ. ಅರಿಶಿನ, ಖಾರದ ಪುಡಿ ಹಾಕಿದ ಹಿಟ್ಟು ಒಳ್ಳೆ ಎಣ್ಣೆಯನ್ನೂ ಒಂದೇ ಸಂಜೆಗೆ ಕೆಂಪಾಗಿಸುತ್ತದೆ. ಬದಲಿಗೆ ಸೋಸಿದ ಎಣ್ಣೆಯನ್ನು 170-180 ಡಿಗ್ರಿಗೆ ಕಾಯಿಸಿ. ಕಡ್ಡಿ ಥರ್ಮಾಮೀಟರ್ ಒಂದನ್ನು ಕೊಂಡಿಡುವುದೇ ಒಳ್ಳೆಯದು. ತಿಂಡಿ ಹಾಕುವ ಮೊದಲೇ, ಆ ಬಿಸಿಗೇ ಹೊಗೆಯಾಡಿದರೆ ಎಣ್ಣೆ ಮುಗಿದಂತೆ, ಏಕೆಂದರೆ ಹೊಸ ಪಾಮೋಲಿನ್ 200 ದಾಟಿದರೂ ಹೊಗೆಯಾಡುವುದಿಲ್ಲ. ಹೊಗೆ ಇಲ್ಲದಿದ್ದರೆ ಒಂದು ಬಜ್ಜಿ ಬಿಡಿ. ದಪ್ಪ ಗುಳ್ಳೆ ಎದ್ದು ಒಡೆದು ಅಡಗಿದರೆ ಎಣ್ಣೆ ಇನ್ನೂ ಸರಿಯಿದೆ. ನುಣ್ಣನೆಯ ನೊರೆ ಒಡೆಯದೆ ಬಾಣಲೆಯ ಅಂಚಿನತ್ತ ಏರಿದರೆ ಇಲ್ಲ. ಇನ್ನು ತಣಿದ ಎಣ್ಣೆ ಸೌಟಿನಿಂದ ಹನಿಹನಿಯಾಗಿ ಬೀಳದೆ ಎಳೆಯಾಗಿ ಇಳಿದರೆ, ಬಾಣಲೆಯ ಕಂಠಕ್ಕೆ ಅಂಟಂಟಾದ ಕಂದು ಪದರ ಕಟ್ಟಿದ್ದರೆ, ಮತ್ತೊಂದು ಪರೀಕ್ಷೆಗೆ ಕಾಯಬೇಡಿ.

4. ಹೊಸದು ಬೆರೆಸುವುದು: ಪರೀಕ್ಷೆಯಲ್ಲಿ ಗೆದ್ದ ಎಣ್ಣೆಗೆ ದಿನಾ ಹೊಸದನ್ನು ಸೇರಿಸುವುದು ಒಳ್ಳೆಯ ಪದ್ಧತಿ. ಸೋತದ್ದಕ್ಕೆ ಬೆರೆಸುವುದು ದುಡ್ಡು ಸುರಿದಂತೆ. ಶೇ 26ರ ಮೂರೂವರೆ ಲೀಟರಿಗೆ ಶೇ 8ರ ಹೊಸ ಒಂದೂವರೆ ಲೀಟರ್ ಹಾಕಿದರೆ ಮೀಟರ್ ಸುಮಾರು 21 ತೋರಿಸೀತು. ಆದರೆ ಹಳೆಯದರಲ್ಲಿದ್ದ ಆಮ್ಲ ಮತ್ತು ಕಮಟು ಹೊಸದನ್ನೂ ಬೇಗ ಕೆಡಿಸುವುದರಿಂದ ಆ 21 ಬಹಳ ಹೊತ್ತು ನಿಲ್ಲುವುದಿಲ್ಲ.

5. ಚೆಲ್ಲುವುದು: ಚರಂಡಿಗಲ್ಲ, ಸಸ್ತಾ ಸಿಗುತ್ತದೆಂದು ಕೇಳುವ ತಳ್ಳುಗಾಡಿಗೂ ಅಲ್ಲ. ಬೇರೆ ಕ್ಯಾನಿನಲ್ಲಿ ತುಂಬಿ 'ಬಳಸಿದ ಎಣ್ಣೆ' ಎಂದು ಬರೆದು, ಬಯೋಡೀಸೆಲ್‌ಗಾಗಿ ಸಂಗ್ರಹಿಸುವ ನೋಂದಾಯಿತರಿಗೆ ಕೊಡಿ. ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆಯಲ್ಲಿ ಕರಿಯುವ ಅಡುಗೆಮನೆಯವರು ಎಷ್ಟು ಬಳಸಿದೆವು, ಎಷ್ಟು ಯಾವ ದಿನ ಯಾರಿಗೆ ಕೊಟ್ಟೆವು ಎಂಬುದನ್ನು ಪುಸ್ತಕದಲ್ಲಿ ಬರೆದಿಡಲೇಬೇಕು.