ಎಡಕ್ಕೆ 9, ಬಲಕ್ಕೆ 15: ಒಂದು ಮಧ್ಯರೇಖೆಯಿಂದ ರಸ್ತೆಯ ನಾಲ್ಕು ಗೆರೆಗಳು

ವಿಜಯಪುರ ಜಿಲ್ಲೆಯ ಕಾಲುವೆ ಸೀಮೆಯಲ್ಲಿ ಓಡಾಡಿದವರಿಗೆ ಈ ನೋಟ ಹೊಸದಲ್ಲ. ರಸ್ತೆಯ ಒಂದು ಮಗ್ಗುಲಿಗೆ ಕಾಲುವೆ, ಇನ್ನೊಂದು ಮಗ್ಗುಲಿಗೆ ಎರೆ ಹೊಲ. ಕಾಲುವೆಯ ಕಡೆ ರಸ್ತೆಗೆ ಬೆಳೆಯಲು ಜಾಗವಿಲ್ಲ, ಹೊಲದ ಕಡೆ ಮಾತ್ರ ಇದೆ. ಹೀಗಾಗಿ ರಸ್ತೆಯ ಸರಹದ್ದು ಎರಡೂ ಬದಿಗೆ ಒಂದೇ ಅಗಲ ಇರುವುದಿಲ್ಲ. ಇಂಥ ರಸ್ತೆಯನ್ನು ನಕ್ಷೆಯಲ್ಲಿ ಬರೆಯುವಾಗ, ಮಧ್ಯರೇಖೆಗೆ ಒಟ್ಟು ಅಗಲ ಕೊಟ್ಟು ಎರಡೂ ಬದಿಗೆ ಸಮನಾಗಿ ಹಿಗ್ಗಿಸುವ ಸಾಮಾನ್ಯ ಬಫರ್ ಕೆಲಸಕ್ಕೆ ಬಾರದು. ಪ್ರತಿ ಬದಿಯನ್ನೂ ಬೇರೆಯಾಗಿ ಸರಿಸಬೇಕು.

ಒಂದು ಉದಾಹರಣೆ ಹಿಡಿದು ನೋಡೋಣ. ಪಶ್ಚಿಮದಿಂದ ಪೂರ್ವಕ್ಕೆ ಹೋಗುವ 600 ಮೀಟರ್ ಉದ್ದದ ತುಂಡು. ನಡುವೆ ಒಂದೆಡೆ 40 ಡಿಗ್ರಿಯಷ್ಟು ಬಲಕ್ಕೆ ಬಾಗುತ್ತದೆ. ಕಾಲುವೆ ಉತ್ತರಕ್ಕೆ. ದಾಖಲೆಯ ಪ್ರಕಾರ ಮಧ್ಯರೇಖೆಯಿಂದ ಉತ್ತರಕ್ಕೆ 9 ಮೀಟರ್, ದಕ್ಷಿಣಕ್ಕೆ 15 ಮೀಟರ್ ರಸ್ತೆಯ ಜಾಗ. ಡಾಂಬರು ಮೊದಲು 3.75 ಮೀಟರ್ ಇತ್ತು, ಆಮೇಲೆ 5.5 ಮೀಟರಿಗೆ ಹಿಗ್ಗಿಸಿದರು. ಉಪಯೋಗಿಸುವುದು ಉಚಿತವಾಗಿ ಸಿಗುವ ಕ್ಯೂಜಿಐಎಸ್ ತಂತ್ರಾಂಶ.

ಕಂಪ್ಯೂಟರ್ ಮುಟ್ಟುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಯಾವ ಮಧ್ಯ? ಉತ್ತರಕ್ಕೆ ಕಾಲುವೆ ಇದ್ದುದರಿಂದ ಹೆಚ್ಚುವರಿ 1.75 ಮೀಟರ್ ಡಾಂಬರು ಪೂರ್ತಿಯಾಗಿ ದಕ್ಷಿಣಕ್ಕೇ ಬಿದ್ದಿದೆ. ಅಂದರೆ ಇಂದಿನ ಡಾಂಬರಿನ ನಡು, ದಾಖಲೆಯ ಮಧ್ಯರೇಖೆಗಿಂತ 0.875 ಮೀಟರ್ ದಕ್ಷಿಣಕ್ಕೆ ಸರಿದಿದೆ. ಉಪಗ್ರಹ ಚಿತ್ರದ ಮೇಲೆ ಡಾಂಬರಿನ ನಡುವೆ ಗೆರೆ ಎಳೆದು, ಅದರಿಂದ 9 ಮತ್ತು 15 ಅಳೆದರೆ ಇಡೀ ಪಟ್ಟಿಯೇ ಅಷ್ಟು ಸರಿಯುತ್ತದೆ. ಮೀಟರಿಗಿಂತ ಕಡಿಮೆ ಎಂದು ತಳ್ಳಿಹಾಕಬೇಡಿ. 600 ಮೀಟರ್ ಉದ್ದಕ್ಕೆ ಅದು ಸುಮಾರು 525 ಚದರ ಮೀಟರ್. ಒಂದು ಗುಂಟೆಗೆ 101.17 ಚದರ ಮೀಟರಿನಂತೆ ಐದು ಗುಂಟೆಗೂ ಮಿಕ್ಕಿದ ಹೊಲ. ಆದ್ದರಿಂದ ದಾಖಲೆಯ ಮಧ್ಯರೇಖೆಯನ್ನೇ ಆಧಾರವಾಗಿಟ್ಟುಕೊಂಡು, ಡಾಂಬರಿನ ಅಂಚುಗಳನ್ನೂ ಅದರಿಂದಲೇ ಅಳೆಯಬೇಕು: ಎಡಕ್ಕೆ 1.875, ಬಲಕ್ಕೆ 3.625. ಎರಡೂ ಕೂಡಿದರೆ 5.5 ಆಗುತ್ತದೆ. ಹೀಗೆ ಸರಹದ್ದಷ್ಟೇ ಅಲ್ಲ, ಡಾಂಬರಿನ ಅಂಚೂ ಎರಡು ಬದಿಗೆ ಬೇರೆ ಬೇರೆಯಾಯಿತು.

ಇನ್ನು ಅಳತೆಯ ಘಟಕ. ಮೊಬೈಲಿನಿಂದಲೋ ಜಿಪಿಎಸ್‌ನಿಂದಲೋ ಬಂದ ಗೆರೆ ಸಾಮಾನ್ಯವಾಗಿ ಅಕ್ಷಾಂಶ–ರೇಖಾಂಶದಲ್ಲಿ, ಅಂದರೆ ಡಿಗ್ರಿಯಲ್ಲಿ ಇರುತ್ತದೆ. ಅದಕ್ಕೆ 9 ಎಂದು ಕೊಟ್ಟರೆ ತಂತ್ರಾಂಶ 9 ಡಿಗ್ರಿ ಎಂದೇ ತಿಳಿಯುತ್ತದೆ. ವಿಜಯಪುರದ ರಸ್ತೆಯ ಎಡ ಅಂಚು ರಾಜಸ್ಥಾನದ ಬೂಂದಿ, ಟೋಂಕ್‌ಗಳ ನಡುವೆ ಎಲ್ಲೋ ಹೋಗಿ ಬೀಳುತ್ತದೆ! ತೆರೆಯ ಮೇಲೆ ಏನೂ ಕಾಣದೆ, ಸಲಕರಣೆ ಕೆಲಸ ಮಾಡಲಿಲ್ಲ ಎಂದುಕೊಳ್ಳುವವರು ನಕ್ಷೆಯನ್ನು ಪೂರ್ತಿ ಕಿರಿದು ಮಾಡಿ ನೋಡಬೇಕು. ಪರಿಹಾರ: ಪದರದ ಮೇಲೆ ಬಲಗುಂಡಿ ಒತ್ತಿ, `Export` ಒಳಗಿನ `Save Features As` ಆಯ್ದು, `EPSG:32643` ವ್ಯವಸ್ಥೆಯಲ್ಲಿ ಹೊಸ ಕಡತ ಉಳಿಸಿ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗಳು ಈ 43ನೇ ಉತ್ತರ ವಲಯದಲ್ಲೇ ಬರುತ್ತವೆ. ಇದರ ಘಟಕ ಮೀಟರ್. `Set Layer CRS` ಒತ್ತಿದರೆ ಸಾಲದು. ಅದು ಹೆಸರಿನ ಚೀಟಿ ಬದಲಿಸುತ್ತದೆಯೇ ಹೊರತು ಒಳಗಿನ ಅಂಕಿಗಳನ್ನಲ್ಲ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ: ಎಡ ಯಾವುದು, ಬಲ ಯಾವುದು? ತಂತ್ರಾಂಶಕ್ಕೆ ಉತ್ತರ, ದಕ್ಷಿಣ, ಕಾಲುವೆ, ಹೊಲ ಯಾವುದೂ ತಿಳಿಯದು. ಗೆರೆಯನ್ನು ಯಾವ ತುದಿಯಿಂದ ಬರೆಯಲು ಆರಂಭಿಸಿದ್ದೀರೋ ಅಲ್ಲಿ ನಿಂತು ಕೊನೆಯ ತುದಿಯ ಕಡೆ ನಡೆದಂತೆ ಅದು ಎಣಿಸುತ್ತದೆ. ನಡೆಯುವವನ ಎಡಗೈ ಕಡೆಗೆ ಧನ ಸಂಖ್ಯೆ, ಬಲಗೈ ಕಡೆಗೆ ಋಣ ಸಂಖ್ಯೆ. ನೇಗಿಲು ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಾಲು ಮುಗಿಸಿ ತಿರುಗಿದರೂ ಎಡದ ಎತ್ತು ಎಡದ ಎತ್ತೇ, ಆದರೆ ಅದು ಈಗ ಎದುರು ಬದಿಯ ಬದುವಿನ ಕಡೆಗಿದೆ.

ನನ್ನ ಮೊದಲ ವರ್ಷದ ಕೆಲಸದಲ್ಲಿ ಇದೇ ಆಯಿತು. ಒಂದು ರಸ್ತೆಯನ್ನು ಇಬ್ಬರು ಎರಡು ತುದಿಯಿಂದ ಬರೆದು ನಡುವೆ ಕೂಡಿಸಿದ್ದೆವು. ಅರ್ಧ ರಸ್ತೆಗೆ ಅಗಲದ ಪಟ್ಟಿ ಹೊಲದ ಕಡೆ ಬಿತ್ತು, ಉಳಿದರ್ಧಕ್ಕೆ ಕಾಲುವೆಯ ನೀರಿನ ಮೇಲೆ ಬಿತ್ತು. ಒಟ್ಟು ವಿಸ್ತೀರ್ಣ ಹೆಚ್ಚುಕಡಿಮೆ ಸರಿಯೇ ಇದ್ದುದರಿಂದ ನಮಗೆ ತಿಳಿಯಲೇ ಇಲ್ಲ. ನಕ್ಷೆ ಬಿಡಿಸಿಟ್ಟಾಗ ಹಿರಿಯ ರೈತರೊಬ್ಬರು, “ರಸ್ತೆ ಕಾಲುವೆಯೊಳಗೆ ಇಳಿದಿದೆಯಲ್ಲಪ್ಪ” ಎಂದರು.

ಅದಕ್ಕೇ, ತುಂಡುತುಂಡಾದ ಗೆರೆಗಳನ್ನು ಮೊದಲು `Dissolve`, ಆಮೇಲೆ `Merge Lines` ಬಳಸಿ ಒಂದಾಗಿಸಿ. ಹಾಗೆ ಮಾಡದಿದ್ದರೆ ದಿಕ್ಕಿನ ತಪ್ಪಷ್ಟೇ ಅಲ್ಲ, ತುಂಡುಗಳು ಕೂಡುವ ಕಡೆ ಹೊರ ಅಂಚಿನಲ್ಲಿ ಸಂದು ಬಿಡುತ್ತದೆ, ಒಳ ಅಂಚುಗಳು ಒಂದನ್ನೊಂದು ಕತ್ತರಿಸುತ್ತವೆ. ಬಳಿಕ ಪದರದ ಶೈಲಿಯಲ್ಲಿ `Marker Line` ಆಯ್ದು ಬಾಣದ ಗುರುತು ಹಾಕಿಕೊಳ್ಳಿ. ಬಾಣ ಪೂರ್ವಕ್ಕೆ ಮುಖ ಮಾಡಿದ್ದರೆ ಕಾಲುವೆ ಎಡಕ್ಕಿದೆ ಎಂದರ್ಥ. ಉಲ್ಟಾ ಇದ್ದರೆ `Reverse Line Direction` ಬಳಸಿ. ಗೆರೆಗಳನ್ನು ಕೂಡಿಸುವಾಗ ದಿಕ್ಕು ತಾನಾಗಿ ಬದಲಾಗಿರಬಹುದು, ಆದ್ದರಿಂದ ಬಾಣ ನೋಡುವುದು ಕೂಡಿಸಿದ ಮೇಲೆಯೇ.

ಕಷ್ಟದ ಕೆಲಸ ಮುಗಿಯಿತು. ಒಂದಾದ ಗೆರೆಯ ಪಟ್ಟಿಕೆಯಲ್ಲಿ ನಾಲ್ಕು ಅಂಕಣ ಸೇರಿಸಿ: `l_tar` ಗೆ 1.875, `r_tar` ಗೆ 3.625, `l_row` ಗೆ 9, `r_row` ಗೆ 15. ಎಲ್ಲವನ್ನೂ ಧನ ಸಂಖ್ಯೆಯಾಗಿಯೇ ಬರೆಯಿರಿ. ಋಣ ಚಿಹ್ನೆ ಸೂತ್ರದಲ್ಲಿ ಮಾತ್ರ ಬರಲಿ. ನಂತರ `Geometry by Expression` ಸಲಕರಣೆ ತೆರೆದು, ಫಲಿತಾಂಶದ ಬಗೆಯನ್ನು `Line` ಎಂದು ಇಟ್ಟು, ಎಡ ಅಂಚಿಗೆ ಮೊದಲ ಸೂತ್ರ ಕೊಡಿ. ಬಲ ಅಂಚಿಗೆ ಎರಡನೆಯದನ್ನು ಕೊಟ್ಟು ಇನ್ನೊಮ್ಮೆ ನಡೆಸಿ.

```
offset_curve($geometry, "l_tar", 8, 2, 2.0)
offset_curve($geometry, -"r_tar", 8, 2, 2.0)
```

ಸರಹದ್ದಿನ ಪಟ್ಟಿಗಳಿಗೆ ಫಲಿತಾಂಶದ ಬಗೆ `Polygon`. ಇವನ್ನೂ ಒಂದೊಂದಾಗಿಯೇ ನಡೆಸಬೇಕು.

```
single_sided_buffer($geometry, "l_row", 8, 2, 2.0)
single_sided_buffer($geometry, -"r_row", 8, 2, 2.0)
```

ಸೂತ್ರದ ನಡುವಿನ 2 ಎಂಬುದು ಮೂಲೆಯ ಬಗೆ. 1 ಎಂದರೆ ದುಂಡು, 2 ಎಂದರೆ ಚೂಪು, 3 ಎಂದರೆ ಕತ್ತರಿಸಿದ ಮೂಲೆ. ಸರಹದ್ದಿನ ಕಲ್ಲುಗಳನ್ನು ನೇರ ಗೆರೆಗಳು ಕೂಡುವ ಕಡೆ ನೆಡುತ್ತಾರೆ, ಬಳೆಯಂತೆ ಬಾಗಿಸಿ ಅಲ್ಲ. ಹೀಗಾಗಿ ನನ್ನ ಆಯ್ಕೆ ಯಾವಾಗಲೂ ಚೂಪು ಮೂಲೆ. ಇನ್ನೊಂದು ಮಾತು: ನಾಲ್ಕನ್ನೂ ಮೂಲ ಮಧ್ಯರೇಖೆಯಿಂದಲೇ ಸರಿಸಿ. ಡಾಂಬರಿನ ಅಂಚಿನಿಂದ ಮುಂದಕ್ಕೆ ಸರಿಸಿ ಸರಹದ್ದು ತೆಗೆಯುವವರಿದ್ದಾರೆ. ತಿರುವಿನ ಕೊಂಕು ಎರಡು ಸಲ ಸೇರಿಕೊಳ್ಳುತ್ತದೆ.

ಬಂದದ್ದು ಸರಿಯೇ ಎಂದು ತಿಳಿಯಲು ಕಾಗದದ ಮೇಲೆ ಒಂದು ಸಣ್ಣ ಲೆಕ್ಕ ಸಾಕು. ರಸ್ತೆ ನೇರವಾಗಿದ್ದರೆ ವಿಸ್ತೀರ್ಣ ಉದ್ದ ಗುಣಿಸು ಅಗಲ. ಬಾಗಿದ್ದರೆ ಹೊರಬದಿಯ ಪಟ್ಟಿ ಅದಕ್ಕಿಂತ ಹೆಚ್ಚು, ಒಳಬದಿಯದು ಕಡಿಮೆ. ವ್ಯತ್ಯಾಸವು ಅಗಲದ ವರ್ಗವನ್ನು ತಿರುವಿನ ಕೋನದಿಂದ ಗುಣಿಸಿ ಅರ್ಧ ಮಾಡಿದಷ್ಟು. ಕೋನವನ್ನು ರೇಡಿಯನ್‌ನಲ್ಲಿ ಹಿಡಿಯಬೇಕು, 40 ಡಿಗ್ರಿ ಎಂದರೆ 0.698. ನಮ್ಮ ರಸ್ತೆ ಬಲಕ್ಕೆ ಬಾಗುವುದರಿಂದ ಎಡ ಪಟ್ಟಿ ಹೊರಬದಿಯದು: 5,400ಕ್ಕೆ 28 ಕೂಡಿ 5,428 ಚದರ ಮೀಟರ್. ಬಲ ಪಟ್ಟಿ ಒಳಬದಿಯದು: 9,000ದಲ್ಲಿ 79 ಕಳೆದು 8,921. ತಂತ್ರಾಂಶದಲ್ಲಿ `area($geometry)` ಕೊಟ್ಟಾಗ ಇದರ ಆಸುಪಾಸಿನ ಅಂಕಿ ಬರಬೇಕು. ಎಡಬಲ ಅದಲುಬದಲಾಗಿದ್ದರೆ 15 ಮೀಟರಿನ ಪಟ್ಟಿ 9,000 ದಾಟಿ 9,079 ತೋರಿಸುತ್ತದೆ. ಕಳ್ಳ ಸಿಕ್ಕಿಬೀಳುವುದು ಅಲ್ಲಿ. ಎರಡನ್ನೂ ಕೂಡಿಸಿ ನೋಡಿದರೆ 14,349ರ ಬದಲು 14,451 ಬರುತ್ತದೆ, ಅಷ್ಟು ಸಣ್ಣ ವ್ಯತ್ಯಾಸ ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಪಟ್ಟಿಗಳನ್ನು ಬೇರೆ ಬೇರೆಯಾಗಿಯೇ ತಾಳೆ ನೋಡಿ. ಹೊಲದ ಮಾಲೀಕರಿಗೆ ಹೇಳುವಾಗ 101.17ರಿಂದ ಭಾಗಿಸಿ: ಬಲ ಪಟ್ಟಿ ಸುಮಾರು 2 ಎಕರೆ 8 ಗುಂಟೆ, ಎಡದ್ದು 1 ಎಕರೆ ಹದಿಮೂರೂವರೆ ಗುಂಟೆಗಿಂತ ತುಸು ಜಾಸ್ತಿ.

ಕೆಲವು ಕಡೆ ಸೂತ್ರ ಸರಿಯಿದ್ದರೂ ಗೆರೆ ಕೆಡುತ್ತದೆ. ಊರ ಅಗಸೆಯ ಹತ್ತಿರ ರಸ್ತೆ ಗಕ್ಕನೆ ಹೊರಳಿ, ತಿರುವಿನ ತ್ರಿಜ್ಯ 12 ಮೀಟರ್ ಇದೆ ಎಂದುಕೊಳ್ಳಿ. ಒಳಬದಿಗೆ 15 ಮೀಟರ್ ಸರಿಸಲು ಅಲ್ಲಿ ಸ್ಥಳವೇ ಇಲ್ಲ. ಅಂಚು ತಿರುವಿನ ಕೇಂದ್ರವನ್ನೇ ದಾಟಿಹೋಗಬೇಕಾಗುತ್ತದೆ. ತಂತ್ರಾಂಶ ಸಿಕ್ಕುಬಿದ್ದ ಭಾಗವನ್ನು ಕತ್ತರಿಸಿ ಎಸೆಯುತ್ತದೆ, ದುಂಡಾಗಿ ಬಾಗಬೇಕಾದ ಅಂಚು ಈಳಿಗೆಯ ಮೊನೆಯಂತೆ ಚೂಪಾಗಿ ಉಳಿಯುತ್ತದೆ. ಅಂಥ ಮೊನೆ ಕಂಡಲ್ಲಿ ಸರಿಸಿದ ಗೆರೆಯನ್ನು ನಂಬದೆ, ಸರ್ವೆ ಕಲ್ಲುಗಳನ್ನು ಹಿಡಿದು ಕೈಯಿಂದಲೇ ಬರೆಯಬೇಕು. ನೇರ ರಸ್ತೆಯಲ್ಲೂ ಮೊನೆಗಳು ಕಂಡರೆ ಕಾರಣ ಬೇರೆ. ಜಿಪಿಎಸ್ ಹಿಡಿದವರು ಚಹಾ ಕುಡಿಯಲು ನಿಂತ ಕಡೆಯೆಲ್ಲ ಮೂಲ ಗೆರೆಯಲ್ಲಿ ಸಣ್ಣ ಗಂಟು ಬಿದ್ದಿರುತ್ತದೆ. ಆ ಗಂಟಿನ ಬಿಂದುಗಳನ್ನು ಅಳಿಸಿ, `Simplify` ಸಲಕರಣೆಯಲ್ಲಿ 0.2 ಮೀಟರ್ ಸಹನೆ ಕೊಟ್ಟು ಗೆರೆಯನ್ನು ಸಪಾಟು ಮಾಡಿ, ಮತ್ತೆ ಸರಿಸಿ. ಅದಕ್ಕಿಂತ ಹೆಚ್ಚು ಸಹನೆ ಕೊಟ್ಟರೆ ನಿಜವಾದ ತಿರುವುಗಳೇ ಮಾಯವಾದಾವು.

ದಾರಿಯ ನಡುವೆ ಅಗಲವೇ ಬದಲಾದರೆ? 240 ಮೀಟರ್ ದಾಟಿದ ಮೇಲೆ ಕಾಲುವೆ ದೂರ ಸರಿದು ಎಡಕ್ಕೂ 12 ಮೀಟರ್ ಸಿಗುತ್ತದೆ ಎನ್ನೋಣ. ಆಗ ಎಡ ಪಟ್ಟಿಯನ್ನು ಎರಡು ಸಲದಲ್ಲಿ ತೆಗೆಯಬೇಕು. ಮೊದಲ ಭಾಗಕ್ಕೆ ಸೂತ್ರ ಹೀಗೆ:

```
single_sided_buffer(
  line_substring($geometry, 0, 240),
  9, 8, 2, 2.0)
```

ಎರಡನೆಯದಕ್ಕೆ 240ರಿಂದ 600, ಅಗಲ 12. ಕತ್ತರಿಸುವ ಬಿಂದು ತಿರುವಿನ ಮೇಲೆ ಬೀಳದೆ ನೇರ ಭಾಗದಲ್ಲಿ ಬರಲಿ. ಇಲ್ಲದಿದ್ದರೆ ಎರಡು ಪಟ್ಟಿಗಳ ನಡುವೆ ಬೆಣೆಯಂಥ ಸಂದು ಉಳಿಯುತ್ತದೆ. ನೇರ ಭಾಗದಲ್ಲಿ ಕತ್ತರಿಸಿದಾಗ ಹೊರ ಅಂಚಿನಲ್ಲಿ 3 ಮೀಟರಿನ ಮೆಟ್ಟಿಲು ಕಾಣಿಸುತ್ತದೆ. ಅದನ್ನು ಅಂದಕ್ಕಾಗಿ ಓರೆ ಮಾಡಲು ಹೋಗಬೇಡಿ. ಅಗಲ ಬದಲಾಗುವುದು ಸರ್ವೆ ನಂಬರಿನ ಬದುವಿನಲ್ಲಾದರೆ ಹೊಲದಲ್ಲಿಯೂ ಆ ಮೆಟ್ಟಿಲು ಹಾಗೆಯೇ ಇರುತ್ತದೆ, ಟೇಪು ಹಿಡಿದು ಹೋದವರು ಹುಡುಕುವುದೂ ಅದೇ ಮೂಲೆಯ ಕಲ್ಲನ್ನು.